ಡೆನ್ವರಿನಲ್ಲಿ ಮಂಗಳೂರಿನ ಕೇಕ್

ಮೊಟ್ಟೆ ಎಷ್ಟು ತೂಗುತ್ತದೋ ಅಷ್ಟೇ ಬೆಣ್ಣೆ, ಅಷ್ಟೇ ಸಕ್ಕರೆ, ಅಷ್ಟೇ ಮೈದಾ. ಮಂಗಳೂರಿನ ಮನೆಯೊಂದರಲ್ಲಿ ಹಬ್ಬಕ್ಕೆ ಮಾಡುತ್ತಿದ್ದ ಕೇಕಿನ ಲೆಕ್ಕ ಇಷ್ಟೇ. ಅದನ್ನು ಯಾರೂ ಬರೆದಿಟ್ಟಿರಲಿಲ್ಲ. ಅಮೆರಿಕದ ಡೆನ್ವರಿನಲ್ಲಿ ನೆಲೆಸಿದ್ದ ಆ ಮನೆಯ ಮಗ, ತನ್ನ ಮಗಳ ಮೊದಲ ಹುಟ್ಟುಹಬ್ಬಕ್ಕೆ ನೆನಪಿನಿಂದಲೇ ಅದನ್ನು ಮಾಡಲು ಹೊರಟ.

ಬಾಯಲ್ಲುಳಿದ ಪಾಕಗಳಲ್ಲಿ ಇಂಥವು ಗಟ್ಟಿ. ಅಲ್ಲಿನ ದೊಡ್ಡ ಮೊಟ್ಟೆ ಒಡೆದರೆ ಸುಮಾರು 50 ಗ್ರಾಂ ಬರುತ್ತದೆ, ಊರಿನದು ಚಿಕ್ಕದಿರಬಹುದು. ತೂಕ ಹಾಕಿದರೆ ಆ ವ್ಯತ್ಯಾಸ ತಾನಾಗಿಯೇ ಸರಿಹೋಗುತ್ತದೆ. ನಾಲ್ಕು ಮೊಟ್ಟೆಗೆ ಉಳಿದವು ತಲಾ 200 ಗ್ರಾಂ, ಒಂದೂವರೆ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಏಲಕ್ಕಿ ಪುಡಿ. ಓವನ್ 350 ಡಿಗ್ರಿ ಫ್ಯಾರನ್‌ಹೀಟ್, ಅಂದರೆ ಸುಮಾರು 177 ಸೆಲ್ಸಿಯಸ್.

ಲೆಕ್ಕ ಸರಿಯಿತ್ತು, ಕೇಕ್ ಮಾತ್ರ ಕೆಟ್ಟಿತು. ಟಿನ್ನಿನ ಅಂಚಿಗಿಂತ ಮೇಲಕ್ಕೆ ಉಬ್ಬಿ, ಆಮೇಲೆ ನಡುಭಾಗ ಹಳ್ಳಬಿತ್ತು. ಬೇಯದೆ ಕುಸಿದಿದ್ದರೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟಬೇಕಿತ್ತು. ಕಡ್ಡಿ ಒಣಗಿಯೇ ಹೊರಬಂತು. ಕತ್ತರಿಸಿದರೆ ಒಳಗೆ ದೊಡ್ಡ ದೊಡ್ಡ ತೂತುಗಳು. ಇದು ಎತ್ತರದ ಊರಿನ ಕುರುಹು.

ಮಂಗಳೂರು ಸಮುದ್ರದ ದಡದಲ್ಲಿದೆ, ಡೆನ್ವರ್ ಸುಮಾರು 1,600 ಮೀಟರ್ ಎತ್ತರದಲ್ಲಿ. ಅಲ್ಲಿ ಗಾಳಿಯ ಒತ್ತಡ ಸುಮಾರು ಆರನೇ ಒಂದು ಪಾಲು ಕಡಿಮೆ. ಹಾಗಾಗಿ ಹಿಟ್ಟಿನೊಳಗಿನ ಅನಿಲದ ಗುಳ್ಳೆಗಳು ಹೆಚ್ಚು ಹಿಗ್ಗುತ್ತವೆ. ಮೊಟ್ಟೆ, ಮೈದಾ ಬೆಂದು ಗೋಡೆ ಗಟ್ಟಿಯಾಗುವ ಮುನ್ನವೇ ಗುಳ್ಳೆಗಳು ಒಡೆದು ಕೇಕ್ ಕೂರುತ್ತದೆ. ನೀರು ಸುಮಾರು 95 ಡಿಗ್ರಿಯಲ್ಲೇ ಕುದಿಯುವುದರಿಂದ ತೇವವೂ ಬೇಗ ಹಾರಿಹೋಗುತ್ತದೆ. ಉಳಿದ ತೇವದಲ್ಲಿ ಸಕ್ಕರೆ ದಟ್ಟವಾಗುತ್ತದೆ, ಸಕ್ಕರೆ ಹೆಚ್ಚಾದಷ್ಟೂ ಹಿಟ್ಟು ಗಟ್ಟಿಯಾಗುವುದು ತಡ.

ಎರಡನೆಯ ಸಲ ಬೇಕಿಂಗ್ ಪೌಡರ್ ಒಂದು ಚಮಚಕ್ಕೆ ಇಳಿಯಿತು, ಸಕ್ಕರೆ 180 ಗ್ರಾಮಿಗೆ. ಮೂರು ದೊಡ್ಡ ಚಮಚ ಹಾಲು, ಒಂದು ದೊಡ್ಡ ಚಮಚ ಮೈದಾ ಹೆಚ್ಚಿಗೆ ಬಿದ್ದವು. ಗೋಡೆ ಬೇಗ ಗಟ್ಟಿಯಾಗಲೆಂದು ಓವನ್ 370ಕ್ಕೆ ಏರಿತು, ಕಡ್ಡಿ ಚುಚ್ಚಿ ನೋಡುವ ಹೊತ್ತು ಕೆಲವು ನಿಮಿಷ ಮುಂದೆ ಬಂತು. ಮೊಟ್ಟೆಯನ್ನೂ ನೊರೆಯೇಳುವಷ್ಟು ಹೊಡೆಯಲಿಲ್ಲ. ಅಲ್ಲಿ ಒಳಸೇರಿದ ಗಾಳಿಯೇ ತೊಂದರೆ ಕೊಡುತ್ತದೆ. ಸಮಪಾಲಿನ ಲೆಕ್ಕ ಮುರಿಯಿತು ನಿಜ, ಆದರೆ ಕೇಕ್ ಕುಸಿಯದೆ ನಿಂತಿತು, ಏಲಕ್ಕಿಯ ಘಮ ಊರಿನದೇ.

ಮೇಲೆ ಕ್ರೀಮ್ ಬಳಿಯಲಿಲ್ಲ, ವರ್ಷದ ಮಗುವಿಗೆ ಅಷ್ಟು ಸಿಹಿ ಬೇಡ. ಡೆನ್ವರಿನ ಒಣಹವೆಯಲ್ಲಿ ತೆರೆದಿಟ್ಟ ಕೇಕ್ ಬೇಗ ಒಣಗುತ್ತದೆ, ಅದಕ್ಕೇ ಪೂರ್ತಿ ಆರಿದ ಕೂಡಲೇ ಸುತ್ತಿ ಮುಚ್ಚಿಡಬೇಕಾಯಿತು.