ಹಲವು ಫಾಲಿಕಲ್‌ಗಳಲ್ಲಿ ಒಂದೇ ಏಕೆ ಮಾಗುತ್ತದೆ?

ಹೆಣ್ಣು ಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಆದಿಮ ಫಾಲಿಕಲ್‌ಗಳಿರುತ್ತವೆ. ಒಂದೊಂದರ ನಡುವೆಯೂ ಒಂದು ಎಳೆಯ ಅಂಡಾಣು, ಅದರ ಸುತ್ತ ಚಪ್ಪಟೆ ಗ್ರಾನ್ಯುಲೋಸಾ ಕೋಶಗಳ ಒಂದೇ ಪದರ. ಅಂಡಾಣುವಿನ ಮಿಯಾಸಿಸ್ ವಿಭಜನೆ ಭ್ರೂಣದಲ್ಲಿಯೇ ಶುರುವಾಗಿ, ಮೊದಲ ಪ್ರೊಫೇಸ್‌ನಲ್ಲಿ ನಿಂತಿರುತ್ತದೆ. ಹರೆಯದ ಹೊತ್ತಿಗೆ ಮೂರು-ನಾಲ್ಕು ಲಕ್ಷ ಫಾಲಿಕಲ್‌ಗಳು ಉಳಿಯುತ್ತವೆ. ಅವುಗಳಲ್ಲಿ ಅಂಡಾಣುವನ್ನು ಹೊರಹಾಕುವುದು ಸುಮಾರು 400 ಮಾತ್ರ.

ಪ್ರತಿದಿನವೂ ಕೆಲವು ಆದಿಮ ಫಾಲಿಕಲ್‌ಗಳು ಬೆಳೆಯತೊಡಗುತ್ತವೆ. ಇದಕ್ಕೆ ಪಿಟ್ಯುಟರಿಯ ಹಾರ್ಮೋನು ಬೇಕಿಲ್ಲ. ಚಪ್ಪಟೆ ಕೋಶಗಳು ಘನಾಕಾರಕ್ಕೆ ತಿರುಗಿದಾಗ ಅದು ಪ್ರಾಥಮಿಕ ಫಾಲಿಕಲ್. ಅಂಡಾಣುವಿನ ಸುತ್ತ ಜೋನಾ ಪೆಲ್ಯುಸಿಡಾ ಎಂಬ ಹೊದಿಕೆ ಮೂಡುತ್ತದೆ. ಗ್ರಾನ್ಯುಲೋಸಾ ಪದರಗಳು ಹೆಚ್ಚಿ, ಹೊರಗೆ ಥೀಕಾ ಕೋಶಗಳು ಸುತ್ತಿಕೊಂಡರೆ ಅದು ದ್ವಿತೀಯಕ ಫಾಲಿಕಲ್. ಮುಂದೆ ಒಳಗೆ ದ್ರವ ತುಂಬಿದ ಕುಹರ ಉಂಟಾಗುತ್ತದೆ. ಇಷ್ಟಾಗಲು ಹಲವು ತಿಂಗಳು ಬೇಕು; ಕೊನೆಯ ಎರಡು ವಾರ ಮಾತ್ರ ಆ ತಿಂಗಳ ಋತುಚಕ್ರಕ್ಕೆ ಸೇರಿದ್ದು.

28 ದಿನಗಳ ಒಂದು ಚಕ್ರವನ್ನು ನೋಡೋಣ. ಮುಟ್ಟಿನ ಆಸುಪಾಸಿನಲ್ಲಿ ಎಫ್‌ಎಸ್‌ಎಚ್ ಏರುತ್ತದೆ. ಆಗ 2ರಿಂದ 5 ಮಿಲಿಮೀಟರ್ ಗಾತ್ರದ ಹಲವು ಫಾಲಿಕಲ್‌ಗಳು ಒಟ್ಟಿಗೆ ಬೆಳೆಯುತ್ತವೆ. ಎಲ್‌ಎಚ್ ಪ್ರಭಾವದಲ್ಲಿ ಥೀಕಾ ಕೋಶಗಳು ಆಂಡ್ರೋಜನ್ ತಯಾರಿಸುತ್ತವೆ. ಎಫ್‌ಎಸ್‌ಎಚ್ ಪ್ರಭಾವದಲ್ಲಿ ಗ್ರಾನ್ಯುಲೋಸಾ ಕೋಶಗಳು ಅದನ್ನು ಈಸ್ಟ್ರಡಯಾಲ್ ಆಗಿ ಮಾರ್ಪಡಿಸುತ್ತವೆ. ಈ ಈಸ್ಟ್ರಡಯಾಲ್ ಮತ್ತು ಇನ್ಹಿಬಿನ್ ಸೇರಿ ಪಿಟ್ಯುಟರಿಯನ್ನು ತಡೆಯುವುದರಿಂದ ಎಫ್‌ಎಸ್‌ಎಚ್ ಇಳಿಯುತ್ತದೆ. ಕಡಿಮೆ ಎಫ್‌ಎಸ್‌ಎಚ್ ಸಾಲದೆ ಉಳಿದವು ನಶಿಸುತ್ತವೆ. ಸುಮಾರು 10 ಮಿಲಿಮೀಟರ್ ತಲುಪಿ ಮುಂದಿರುವ ಒಂದು ಮಾತ್ರ ಉಳಿದುಕೊಳ್ಳುತ್ತದೆ. ಅದರ ಕೋಶಗಳು ಕಡಿಮೆ ಎಫ್‌ಎಸ್‌ಎಚ್‌ಗೂ ಸ್ಪಂದಿಸಬಲ್ಲವು. ಜೊತೆಗೆ ಗ್ರಾನ್ಯುಲೋಸಾದಲ್ಲಿ ಎಲ್‌ಎಚ್ ಗ್ರಾಹಕಗಳೂ ಮೂಡಿರುತ್ತವೆ. ಇದೇ ಪ್ರಬಲ ಫಾಲಿಕಲ್.

ಅದು ದಿನಕ್ಕೆ ಸುಮಾರು 2 ಮಿಲಿಮೀಟರ್ ಬೆಳೆದು 20 ಮಿಲಿಮೀಟರ್ ಆಸುಪಾಸಿಗೆ ಬರುತ್ತದೆ. ಈಸ್ಟ್ರಡಯಾಲ್ ಮಿಲಿಲೀಟರಿಗೆ 200 ಪಿಕೋಗ್ರಾಂ ದಾಟಿ ಸುಮಾರು ಎರಡು ದಿನ ಹಾಗೆಯೇ ಉಳಿದರೆ, ಅಲ್ಲಿಯವರೆಗೆ ತಡೆಯುತ್ತಿದ್ದ ಅದೇ ಹಾರ್ಮೋನು ಪಿಟ್ಯುಟರಿಯನ್ನು ಉದ್ದೀಪಿಸುತ್ತದೆ. ಎಲ್‌ಎಚ್ ಒಮ್ಮೆಲೇ ಏರುತ್ತದೆ. ನಿಂತಿದ್ದ ಮಿಯಾಸಿಸ್ ಮುಂದುವರಿದು, ಮೊದಲ ಪೋಲಾರ್ ಕಾಯ ಬೇರ್ಪಟ್ಟು, ಎರಡನೆಯ ಮೆಟಾಫೇಸ್‌ನಲ್ಲಿ ಮತ್ತೆ ನಿಲ್ಲುತ್ತದೆ. ಕಿಣ್ವಗಳು ಫಾಲಿಕಲ್ಲಿನ ಗೋಡೆಯನ್ನು ಸಡಿಲಿಸುತ್ತವೆ. ಏರಿಕೆ ಶುರುವಾದ 34ರಿಂದ 36 ಗಂಟೆಗಳಲ್ಲಿ, ಅಂದರೆ ಸುಮಾರು 14ನೆಯ ದಿನ, ಅಂಡಾಣು ಹೊರಬೀಳುತ್ತದೆ.

ಆಯ್ಕೆಯ ಹಂತ ತಪ್ಪಿದರೆ ಏನಾಗುತ್ತದೆ ಎಂಬುದು ಪಿಸಿಒಎಸ್‌ನಲ್ಲಿ ಕಾಣುತ್ತದೆ. ಹಲವು ಫಾಲಿಕಲ್‌ಗಳು 10 ಮಿಲಿಮೀಟರ್ ಒಳಗೇ ನಿಂತುಬಿಡುತ್ತವೆ, ಯಾವುದೂ ಪ್ರಬಲವಾಗುವುದಿಲ್ಲ. ಅಲ್ಟ್ರಾಸೌಂಡಿನಲ್ಲಿ ಅಂಡಾಶಯದ ತುಂಬ ಸಣ್ಣ ಕಪ್ಪು ಗುಳ್ಳೆಗಳಂತೆ ಕಾಣುವುದು ಇವೇ. ಅಂಡೋತ್ಸರ್ಗ ಆಗದ ಕಾರಣ ಮುಟ್ಟು ಏರುಪೇರಾಗುತ್ತದೆ.