ತುಮಕೂರಿನ ಸೀಟಿನಿಂದ ಶಾಲೆಯ ಹಕ್ಕಿನವರೆಗೆ

1989ರ ಜೂನ್‌ನಲ್ಲಿ ಕರ್ನಾಟಕ ಸರ್ಕಾರ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ಗೊತ್ತುಮಾಡಿತು. ಸರ್ಕಾರಿ ಸೀಟಿಗೆ 2,000 ರೂಪಾಯಿ. ಉಳಿದ ಸೀಟುಗಳಿಗೆ ರಾಜ್ಯದವರು 25,000, ಹೊರಗಿನವರು 60,000ದವರೆಗೆ ಕೊಡಬೇಕಿತ್ತು. ತುಮಕೂರಿನ ಕಾಲೇಜಿನಲ್ಲಿ ಸೀಟು ಬಯಸಿದ್ದ ಮೀರತ್‌ನ ಮೋಹಿನಿ ಜೈನ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು.

ಆದರೆ ಸಂವಿಧಾನದ ಮೂರನೇ ಭಾಗದ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ ಆಗ ಶಿಕ್ಷಣದ ಹಕ್ಕು ಇರಲಿಲ್ಲ. ಅದು ನಾಲ್ಕನೇ ಭಾಗದ ನಿರ್ದೇಶಕ ತತ್ವಗಳಲ್ಲಿತ್ತು. ಆ ತತ್ವಗಳು ಆಡಳಿತಕ್ಕೆ ಮೂಲಾಧಾರ, ಆದರೂ ಅವನ್ನು ಕೋರ್ಟಿನ ಮೂಲಕ ಜಾರಿ ಮಾಡಿಸುವಂತಿಲ್ಲ ಎನ್ನುತ್ತದೆ 37ನೇ ವಿಧಿ.

ಇವೆರಡರ ನಡುವೆ ತಿಕ್ಕಾಟ ಮೊದಲಿನಿಂದಲೂ ಇತ್ತು. ಮದ್ರಾಸ್ ಸರ್ಕಾರ ಕಾಲೇಜು ಸೀಟುಗಳನ್ನು ಜಾತಿ, ಧರ್ಮಗಳ ಪ್ರಕಾರ ಹಂಚಿ, ದುರ್ಬಲರ ಶಿಕ್ಷಣದ ಬಗೆಗಿನ 46ನೇ ವಿಧಿಯನ್ನು ಸಮರ್ಥನೆಗೆ ಮುಂದಿಟ್ಟಿತ್ತು. 1951ರ ಚಂಪಕಂ ದೊರೈರಾಜನ್ ತೀರ್ಪು ಅದನ್ನು ಒಪ್ಪಲಿಲ್ಲ. ನಿರ್ದೇಶಕ ತತ್ವಗಳು ಹಕ್ಕುಗಳಿಗೆ ಅಧೀನ ಎಂದಿತು. ಸಂಸತ್ತು ಅದೇ ವರ್ಷ ಸಂವಿಧಾನಕ್ಕೆ ತಿದ್ದುಪಡಿ ತಂದು ಹಿಂದುಳಿದವರಿಗೆ ವಿಶೇಷ ಅವಕಾಶ ಕಲ್ಪಿಸಿತು.

1976ರಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲಿತು. ಯಾವುದೇ ನಿರ್ದೇಶಕ ತತ್ವದ ಹೆಸರಿನಲ್ಲಿ ಮಾಡಿದ ಕಾನೂನನ್ನು ಸಮಾನತೆ, ಸ್ವಾತಂತ್ರ್ಯಗಳ ಆಧಾರದ ಮೇಲೆ ಪ್ರಶ್ನಿಸುವಂತಿಲ್ಲ ಎಂದಿತು 42ನೇ ತಿದ್ದುಪಡಿ. ಬೆಂಗಳೂರಿನ ಮಿನರ್ವ ಮಿಲ್‌ನ ರಾಷ್ಟ್ರೀಕರಣದಿಂದ ಹುಟ್ಟಿದ ಪ್ರಕರಣದಲ್ಲಿ, 1980ರಲ್ಲಿ ಸುಪ್ರೀಂ ಕೋರ್ಟ್ ಈ ವಿಸ್ತರಣೆಯನ್ನು ರದ್ದುಮಾಡಿತು. ಎರಡೂ ಭಾಗಗಳ ಸಮತೋಲನವೇ ಸಂವಿಧಾನದ ಮೂಲ ಸ್ವರೂಪದ ಅಂಗ, ತತ್ವಗಳು ಗುರಿಯಾದರೆ ಹಕ್ಕುಗಳು ಅಲ್ಲಿಗೆ ಹೋಗುವ ದಾರಿಗೆ ಹಾಕಿದ ಮಿತಿ ಎಂಬುದು ಅದರ ಸಾರ.

ಈ ಹಿನ್ನೆಲೆಯಲ್ಲೇ 1992ರಲ್ಲಿ ಮೋಹಿನಿ ಜೈನ್ ತೀರ್ಪು ಬಂತು. ಘನತೆಯಿಂದ ಬದುಕಲು ಶಿಕ್ಷಣ ಬೇಕು; ಆದ್ದರಿಂದ 21ನೇ ವಿಧಿಯ ಜೀವಿಸುವ ಹಕ್ಕಿನಲ್ಲಿ ಅದೂ ಸೇರಿದೆ, ಹೆಚ್ಚುವರಿ ಶುಲ್ಕವೆಂದರೆ ಕ್ಯಾಪಿಟೇಷನ್ನೇ ಎಂದು ನ್ಯಾಯಪೀಠ ಹೇಳಿತು. ಆದರೆ ಎಲ್ಲ ಹಂತದ ಶಿಕ್ಷಣವನ್ನೂ ಹಕ್ಕೆಂದರೆ ಅದರ ಖರ್ಚು ಹೊರುವವರು ಯಾರು?

ಮರುವರ್ಷ ಉನ್ನಿಕೃಷ್ಣನ್ ಪ್ರಕರಣದಲ್ಲಿ ದೊಡ್ಡ ಪೀಠ ಇದಕ್ಕೆ ಉತ್ತರವನ್ನು ನಿರ್ದೇಶಕ ತತ್ವಗಳಲ್ಲೇ ಹುಡುಕಿತು. ಹತ್ತು ವರ್ಷದೊಳಗೆ 14 ವಯಸ್ಸಿನವರೆಗಿನ ಮಕ್ಕಳಿಗೆ ಉಚಿತ ಶಿಕ್ಷಣ ಒದಗಿಸಲು ಯತ್ನಿಸಬೇಕೆಂದು 45ನೇ ವಿಧಿ ಹೇಳಿತ್ತು. ಗಡುವು ಮುಗಿದು ದಶಕಗಳೇ ಕಳೆದಿದ್ದವು. ಹೀಗಾಗಿ 14ರವರೆಗೆ ಅದು ಹಕ್ಕು; ಆಮೇಲೆ 41ನೇ ವಿಧಿ ಹೇಳುವಂತೆ ಸರ್ಕಾರದ ಆರ್ಥಿಕ ಶಕ್ತಿಯಿದ್ದಷ್ಟು. ಹಕ್ಕಿಗೆ ಬಲವನ್ನೂ ಎಲ್ಲೆಯನ್ನೂ ನಾಲ್ಕನೇ ಭಾಗದಿಂದಲೇ ಪಡೆದ ಈ ತೀರ್ಪು ಹಿಂದಿನದಕ್ಕಿಂತ ಗಟ್ಟಿ.

2002ರ ತಿದ್ದುಪಡಿ 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು 21ಎ ವಿಧಿಯಾಗಿ ಮೂರನೇ ಭಾಗಕ್ಕೆ ಸೇರಿಸಿತು. ಅದಕ್ಕೆ ಬೇಕಾದ ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಆರು ತುಂಬದ ಮಕ್ಕಳ ಪಾಲನೆ ಮತ್ತು ಶಿಕ್ಷಣ ಇಂದಿಗೂ 45ನೇ ವಿಧಿಯಲ್ಲೇ, ನಿರ್ದೇಶಕ ತತ್ವವಾಗಿಯೇ ಉಳಿದಿದೆ.