ಬಾಂಡಿನ ಎರಡು ಬೆಲೆಗಳು

ಪ್ರಶ್ನೆ: ನೂರು ರೂಪಾಯಿ ಮುಖಬೆಲೆಯ ಸರ್ಕಾರಿ ಬಾಂಡನ್ನು 99.50ರ ದರ ನೋಡಿ ಜುಲೈ 15ರಂದು ಕೊಂಡೆ, ಖಾತೆಯಿಂದ 101.30 ಕಳೆಯಿತು. ಏಕೆ?
– ಓದುಗರೊಬ್ಬರು, ಬ್ಯಾಡಗಿ

ಉತ್ತರ: ನೀವು ಕಂಡುದು ಬಡ್ಡಿಯನ್ನು ಬಿಟ್ಟ ಶುದ್ಧ ಬೆಲೆ, ಅಂದರೆ ಕ್ಲೀನ್ ಪ್ರೈಸ್, ತೆತ್ತುದು ಸಂಚಿತ ಬಡ್ಡಿಯೂ ಕೂಡಿದ ಡರ್ಟಿ ಪ್ರೈಸ್. ನಿಮ್ಮ ಬಾಂಡಿಗೆ ವಾರ್ಷಿಕ ಬಡ್ಡಿ ಶೇಕಡಾ 7.20 ಇದ್ದು, ಅದು ಏಪ್ರಿಲ್ 15 ಮತ್ತು ಅಕ್ಟೋಬರ್ 15ರಂದು ಅರ್ಧರ್ಧವಾಗಿ ಸಲ್ಲುವುದಾದರೆ, ಮಾರಿದವರು, ರಾಣೆಬೆನ್ನೂರಿನವರಾಗಲಿ ಮುಂಬಯಿಯವರಾಗಲಿ, ಏಪ್ರಿಲಿನಿಂದ ಮೂರು ತಿಂಗಳು ಅದನ್ನು ಇಟ್ಟುಕೊಂಡಿದ್ದುದರಿಂದ ಆ ಅವಧಿಯ ಬಡ್ಡಿ ನ್ಯಾಯವಾಗಿ ಅವರದು. ನಮ್ಮ ಸರ್ಕಾರಿ ಬಾಂಡುಗಳಲ್ಲಿ ತಿಂಗಳಿಗೆ 30, ವರ್ಷಕ್ಕೆ 360 ದಿನಗಳೆಂದು ಎಣಿಸುವ ಪದ್ಧತಿಯಿರುವುದರಿಂದ, 7.20ನ್ನು 90ರಿಂದ ಗುಣಿಸಿ 360ರಿಂದ ಭಾಗಿಸಿದರೆ 1.80 ಬರುವುದು, 99.50ಕ್ಕೆ ಅದು ಕೂಡಿ 101.30.

ಅಕ್ಟೋಬರಿನಲ್ಲಿ ಆರು ತಿಂಗಳ ಬಡ್ಡಿ 3.60 ಇಡಿಯಾಗಿ ನಿಮಗೇ ಬರುವುದು. ಮುಂಗಡ ತೆತ್ತ 1.80 ಅದರಲ್ಲಿ ಮರಳುವುದರಿಂದ ನಷ್ಟವಿಲ್ಲ. ಡರ್ಟಿ ಪ್ರೈಸ್ ದಿನದಿನಕ್ಕೂ ಏರುತ್ತ ಹೋಗಿ ಬಡ್ಡಿ ಸಂದ ದಿನ ಒಮ್ಮೆಲೇ ಇಳಿಯುವುದರಿಂದಲೇ, ಮಾರುಕಟ್ಟೆಯ ನಿಜವಾದ ಏರಿಳಿತ ಮರೆಯಾಗದಿರಲೆಂದು ದರವನ್ನು ಶುದ್ಧ ಬೆಲೆಯಲ್ಲಿ ಹೇಳುವರು. ಆದುದರಿಂದ ಬಾಂಡುಗಳನ್ನು ಹೋಲಿಸುವಾಗ ಶುದ್ಧ ಬೆಲೆಯನ್ನು ನೋಡಿರಿ. ಖಾತೆಯಲ್ಲಿ ಹಣವಿಡುವಾಗ ಸಂಚಿತ ಬಡ್ಡಿಯನ್ನು ಕೂಡಿಸಿಕೊಳ್ಳಿರಿ.